ಒಂದೇ ಲೇತ್, ಎರಡು ಸವಕಳಿ: ನೇರ ರೇಖೆಯೋ, ಇಳಿಕೆ ಶಿಲ್ಕೋ?

ನೇರ ರೇಖೆ, ಇಳಿಕೆ ಶಿಲ್ಕು ಎಂಬ ಸವಕಳಿಯ ಎರಡು ಪದ್ಧತಿಗಳನ್ನು ತರಗತಿಯಲ್ಲಿ ಹೋಲಿಸುವ ಸ್ಲೈಡ್ ಸಾಮಾನ್ಯವಾಗಿ ಹೀಗಿರುತ್ತದೆ: ಎಡಕ್ಕೊಂದು ಕೋಷ್ಟಕ, ಬಲಕ್ಕೊಂದು ಕೋಷ್ಟಕ, ಎರಡರ ತಲೆಯ ಮೇಲೂ ‘ದರ ಶೇ. 10’. ಕೆಳಗೆ ದಪ್ಪಕ್ಷರದಲ್ಲಿ ಒಂದು ಸಾಲು: ‘ಇಳಿಕೆ ಶಿಲ್ಕು ಪದ್ಧತಿಯಲ್ಲಿ ಮೊದಲ ವರ್ಷಗಳಲ್ಲಿ ಸವಕಳಿ ಹೆಚ್ಚು.’ ಆ ಸಾಲಿಗೆ ಮೇಲಿನ ಕೋಷ್ಟಕವೇ ಸಾಕ್ಷಿ ಹೇಳುವುದಿಲ್ಲ. ಯಂತ್ರದ ಬೆಲೆ 2,00,000 ರೂಪಾಯಿ ಎಂದುಕೊಳ್ಳಿ. ಮೊದಲ ವರ್ಷ ಎರಡೂ ಕಡೆ 20,000. ಎರಡನೇ ವರ್ಷ ನೇರ ರೇಖೆಯಲ್ಲಿ ಮತ್ತೆ 20,000, ಇಳಿಕೆ ಶಿಲ್ಕಿನಲ್ಲಿ 18,000. ಆಮೇಲೆ ಪ್ರತಿ ವರ್ಷವೂ ಇಳಿಕೆ ಶಿಲ್ಕಿನದ್ದೇ ಕಡಿಮೆ. ಹತ್ತು ವರ್ಷ ಮುಗಿದಾಗ ಒಂದು ಕಡೆ ಯಂತ್ರದ ಪುಸ್ತಕ ಬೆಲೆ, ಅಂದರೆ ಸವಕಳಿ ಕಳೆದು ಲೆಕ್ಕದಲ್ಲಿ ಉಳಿದ ಬೆಲೆ, ಸೊನ್ನೆ, ಇನ್ನೊಂದು ಕಡೆ 69,736. ಗಮನವಿಟ್ಟು ನೋಡುವ ವಿದ್ಯಾರ್ಥಿ ‘ಹೆಚ್ಚು ಎಲ್ಲಿದೆ ಸರ್?’ ಎಂದು ಕೇಳಿದರೆ ಅವನ ಪ್ರಶ್ನೆಯೇ ಸರಿ.

ತಪ್ಪು ಪದ್ಧತಿಯದ್ದಲ್ಲ, ಎರಡಕ್ಕೂ ಒಂದೇ ದರ ಇಟ್ಟದ್ದು. ಒಂದರಲ್ಲಿ ಶೇ. 10 ಎಂದರೆ ಮೂಲ ಬೆಲೆಯ ಮೇಲೆ, ಇನ್ನೊಂದರಲ್ಲಿ ಉಳಿದ ಶಿಲ್ಕಿನ ಮೇಲೆ. ಹೆಸರು ಒಂದೇ ಆದರೂ ಅಳತೆ ಬೇರೆ. ಹೋಲಿಕೆ ನ್ಯಾಯವಾಗಬೇಕಾದರೆ ಮೂರು ಸಂಗತಿಗಳು ಎರಡೂ ಕಡೆ ಒಂದೇ ಇರಬೇಕು: ಯಂತ್ರದ ಬೆಲೆ, ಬಾಳಿಕೆ, ಕೊನೆಗೆ ಉಳಿಯುವ ಬೆಲೆ. ದರ ಬೇರೆಯಾಗಲಿ ಬಿಡಿ, ಅದು ಬೇರೆಯಾಗಲೇಬೇಕು.

ಲೇತಿನ ಬೆಲೆ ಎಲ್ಲಿಂದ ಬಂತು

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಇದೆ ಎಂದು ಇಟ್ಟುಕೊಳ್ಳೋಣ. ಬೋರ್‌ವೆಲ್ ಪಂಪಿನ ಶಾಫ್ಟ್, ಬುಷ್, ಟ್ರ್ಯಾಕ್ಟರ್ ಪಿನ್ ಮುಂತಾದ ಟರ್ನಿಂಗ್ ಕೆಲಸಕ್ಕೆ ಒಂದು ಹೊಸ ಲೇತ್ ತರಿಸಿದ್ದಾರೆ. ಬಿಲ್ಲಿನಲ್ಲಿ ಲೇತಿನ ಬೆಲೆ 1,75,000, ಅದರ ಮೇಲೆ ಶೇ. 18ರ ಜಿಎಸ್‌ಟಿ 31,500. ಲಾರಿ ಬಾಡಿಗೆ ಮತ್ತು ಕ್ರೇನಿಗೆ 7,000, ಕಾಂಕ್ರೀಟ್ ಫೌಂಡೇಶನ್‌ಗೆ 8,000, ತ್ರೀ ಫೇಸ್ ವೈರಿಂಗ್ ಮತ್ತು ಸ್ಟಾರ್ಟರ್‌ಗೆ 6,000, ಲೆವೆಲ್ ಮಾಡಿ ಓಡಿಸಿ ನೋಡಿದ್ದಕ್ಕೆ 4,000.

ಜಿಎಸ್‌ಟಿಯ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ, ತೆಗೆದುಕೊಳ್ಳುವ ವರ್ಕ್‌ಶಾಪ್ ಆದರೆ 31,500 ಯಂತ್ರದ ಖಾತೆಗೆ ಬರುವುದಿಲ್ಲ. ಉಳಿದದ್ದು ಕೂಡಿದರೆ ಸರಿಯಾಗಿ 2,00,000. ಕ್ರೆಡಿಟ್ ಸಿಗದ ವರ್ಕ್‌ಶಾಪ್ ಆದರೆ, ಉದಾಹರಣೆಗೆ ಕಾಂಪೊಸಿಷನ್ ಯೋಜನೆಯಲ್ಲಿ ಇದ್ದರೆ, ಯಂತ್ರದ ಬೆಲೆ 2,31,500 ಆಗುತ್ತದೆ. ಎರಡೂ ಕಡೆ ಕೈ ಹಾಕುವಂತಿಲ್ಲ: ತೆರಿಗೆಯ ಮೊತ್ತವನ್ನು ಯಂತ್ರದ ಬೆಲೆಗೆ ಸೇರಿಸಿ ಅದರ ಮೇಲೆ ಸವಕಳಿ ತೆಗೆದುಕೊಂಡರೆ ಆ ಮೊತ್ತಕ್ಕೆ ಇನ್‌ಪುಟ್ ಕ್ರೆಡಿಟ್ ಇಲ್ಲ ಎಂದು ಜಿಎಸ್‌ಟಿ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಸ್ಲೈಡಿನ ಮೂಲೆಯಲ್ಲಿ ಈ ಐದು ಅಂಕಿಗಳನ್ನು ಸಣ್ಣದಾಗಿ ಹಾಕಿ. 1,75,000ದ ಮೇಲೆ ಸವಕಳಿ ಹಾಕಿ ಫೌಂಡೇಶನ್ ಮತ್ತು ವೈರಿಂಗನ್ನು ಅದೇ ವರ್ಷದ ರಿಪೇರಿ ಖರ್ಚಿಗೆ ಬರೆಯುವುದು ಸಣ್ಣ ವರ್ಕ್‌ಶಾಪಿನ ಪುಸ್ತಕಗಳಲ್ಲಿ ಬಹಳ ಕಾಣುವ ತಪ್ಪು.

ಬಾಳಿಕೆ ಹತ್ತು ವರ್ಷ, ಆ ಮೇಲೆ ಮಾರಿದರೆ ಸಿಗುವ ಉಳಿಕೆ ಬೆಲೆ 40,000 ಎಂದು ಅಂದಾಜು. 2025ರ ಏಪ್ರಿಲ್ 1ರಂದೇ ಲೇತ್ ಕೆಲಸಕ್ಕೆ ಸಿದ್ಧ. ಇಷ್ಟು ಸಾಕು.

ಎರಡು ಲೆಕ್ಕ

ನೇರ ರೇಖೆಯಲ್ಲಿ ಮೊದಲು ಉಳಿಕೆ ಬೆಲೆ ಕಳೆಯಬೇಕು. 2,00,000ದಲ್ಲಿ 40,000 ಕಳೆದರೆ 1,60,000. ಅದನ್ನು ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 16,000, ಅಂದರೆ ಮೂಲ ಬೆಲೆಯ ಶೇ. 8.

ಇಳಿಕೆ ಶಿಲ್ಕಿನಲ್ಲಿ ಉಳಿಕೆ ಬೆಲೆಯನ್ನು ಮೊದಲೇ ಕಳೆಯುವುದಿಲ್ಲ. ಅದು ದರದೊಳಗೇ ಅಡಗಿರುತ್ತದೆ. ದರ ಕಂಡುಹಿಡಿಯುವ ಸೂತ್ರ ಇದು. ಇದರಲ್ಲಿ C ಮೂಲ ಬೆಲೆ, S ಉಳಿಕೆ ಬೆಲೆ, n ವರ್ಷಗಳು:

```
r = 1 - (S / C)^(1/n)
  = 1 - (40000 / 200000)^(1/10)
  = 0.1487
```

ಅಂದರೆ ಶೇ. 14.87. ಸ್ಲೈಡಿಗೆ ಇದನ್ನು ಶೇ. 15 ಎಂದು ಇಟ್ಟುಕೊಳ್ಳುವುದು ಒಳ್ಳೆಯದು. ಸಾಮಾನ್ಯ ಯಂತ್ರಗಳಿಗೆ ಆದಾಯ ತೆರಿಗೆ ಲೆಕ್ಕದಲ್ಲಿ ಇರುವ ದರವೂ ಶೇ. 15 ಆಗಿರುವುದರಿಂದ ವಿದ್ಯಾರ್ಥಿಗಳಿಗೆ ಅದು ಮುಂದೆ ಮತ್ತೆ ಸಿಗುವ ಅಂಕಿ. ಹಾಗೆ ಇಟ್ಟಾಗ ಹತ್ತನೇ ವರ್ಷದ ಕೊನೆಗೆ 40,000ದ ಬದಲು 39,375 ಬರುತ್ತದೆ. ಆ 625 ರೂಪಾಯಿ ವ್ಯತ್ಯಾಸ ದರವನ್ನು ದುಂಡಾಗಿಸಿದ್ದರಿಂದ ಬಂದದ್ದು ಎಂದು ಕೋಷ್ಟಕದ ಕೆಳಗೆ ಬರೆಯಿರಿ. ನಿಜವಾದ ಪುಸ್ತಕದಲ್ಲಾದರೆ ಕೊನೆಯ ವರ್ಷ 6,323 ಮಾತ್ರ ಸವಕಳಿ ಹಾಕಿ 40,000ಕ್ಕೆ ನಿಲ್ಲಿಸಬೇಕು.

| ವರ್ಷ | ನೇರ ರೇಖೆ: ಸವಕಳಿ | ನೇರ ರೇಖೆ: ಪುಸ್ತಕ ಬೆಲೆ | ಇಳಿಕೆ ಶಿಲ್ಕು: ಸವಕಳಿ | ಇಳಿಕೆ ಶಿಲ್ಕು: ಪುಸ್ತಕ ಬೆಲೆ |
|---|---|---|---|---|
| 0 | – | 2,00,000 | – | 2,00,000 |
| 1 | 16,000 | 1,84,000 | 30,000 | 1,70,000 |
| 2 | 16,000 | 1,68,000 | 25,500 | 1,44,500 |
| 3 | 16,000 | 1,52,000 | 21,675 | 1,22,825 |
| 4 | 16,000 | 1,36,000 | 18,424 | 1,04,401 |
| 5 | 16,000 | 1,20,000 | 15,660 | 88,741 |
| 6 | 16,000 | 1,04,000 | 13,311 | 75,430 |
| 7 | 16,000 | 88,000 | 11,314 | 64,115 |
| 8 | 16,000 | 72,000 | 9,617 | 54,498 |
| 9 | 16,000 | 56,000 | 8,175 | 46,323 |
| 10 | 16,000 | 40,000 | 6,949 | 39,375 |

ಪೈಸೆಗಳನ್ನು ದುಂಡಾಗಿಸಿದ್ದರಿಂದ ಅಲ್ಲಲ್ಲಿ ಒಂದು ರೂಪಾಯಿ ಆಚೀಚೆ ಆಗಿದೆ.

ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ಇಳಿಕೆ ಶಿಲ್ಕಿನಲ್ಲೂ 40,000 ಕಳೆದು 1,60,000ದ ಮೇಲೆ ಶೇ. 15 ಹಾಕಿ ಮೊದಲ ವರ್ಷ 24,000 ಎಂದು ಬರೆಯುವುದು ಒಂದು. ನೇರ ರೇಖೆಯಲ್ಲಿ ಎರಡನೇ ವರ್ಷ 1,84,000ದ ಮೇಲೆ ಶೇ. 8 ಹಾಕಿ 14,720 ಎಂದು ಬರೆಯುವುದು ಇನ್ನೊಂದು. ಎರಡನ್ನೂ ಹಿಡಿಯುವ ಉಪಾಯ ಸುಲಭ: ಸವಕಳಿಯ ಎರಡೂ ಕಾಲಂಗಳನ್ನು ಕೂಡಿ. ಮೊದಲನೆಯದು 1,60,000 ಬರಬೇಕು, ಎರಡನೆಯದು 1,60,625. ಬೇರೇನಾದರೂ ಬಂದರೆ ಲೆಕ್ಕದಲ್ಲಿ ಎಲ್ಲೋ ಎಡವಿದ್ದೀರಿ.

ಎಲ್ಲಿ ದಾಟುತ್ತದೆ, ಎಲ್ಲಿ ಸೇರುತ್ತದೆ

ಕೋಷ್ಟಕದಲ್ಲಿ ನಾಲ್ಕನೇ ಮತ್ತು ಐದನೇ ಸಾಲಿನ ಮೇಲೆ ಬೆರಳಿಡಿ. ನಾಲ್ಕನೇ ವರ್ಷದವರೆಗೆ ಇಳಿಕೆ ಶಿಲ್ಕಿನ ಸವಕಳಿ 16,000ಕ್ಕಿಂತ ಹೆಚ್ಚು, ಐದನೇ ವರ್ಷ 15,660, ಅಲ್ಲಿಂದ ಮುಂದೆ ಕಡಿಮೆ. ವಾರ್ಷಿಕ ಸವಕಳಿಯ ಗೆರೆಗಳು ಐದನೇ ವರ್ಷಕ್ಕೆ ಒಂದನ್ನೊಂದು ದಾಟುತ್ತವೆ.

ಪುಸ್ತಕ ಬೆಲೆಯ ಗೆರೆಗಳು ಮಾತ್ರ ನಡುವೆ ಎಲ್ಲೂ ದಾಟುವುದಿಲ್ಲ. 2,00,000ದಲ್ಲಿ ಜೊತೆಯಾಗಿ ಹೊರಟು, ದೂರ ಸರಿದು, ಕೊನೆಗೆ ಮತ್ತೆ ಸೇರುತ್ತವೆ. ಅವುಗಳ ನಡುವಿನ ಅಂತರ ಅತಿ ಹೆಚ್ಚಾಗುವುದು ನಾಲ್ಕನೇ ವರ್ಷದ ಕೊನೆಗೆ: 1,36,000ದಲ್ಲಿ 1,04,401 ಕಳೆದರೆ 31,599. ಇದು ಆಕಸ್ಮಿಕವಲ್ಲ. ಇಳಿಕೆ ಶಿಲ್ಕಿನ ಸವಕಳಿ ಹೆಚ್ಚಿರುವಷ್ಟು ಕಾಲ ಅಂತರ ಬೆಳೆಯುತ್ತದೆ, ಕಡಿಮೆಯಾದ ವರ್ಷದಿಂದ ಅಂತರ ಕರಗುತ್ತದೆ. ಈ ಒಂದು ಸಂಬಂಧ ತಲೆಗೆ ಹತ್ತಿದರೆ ಎರಡು ಪದ್ಧತಿಗಳ ಬಗ್ಗೆ ಕಂಠಪಾಠ ಮಾಡುವ ವ್ಯತ್ಯಾಸದ ಪಟ್ಟಿಯ ಅರ್ಧ ಬೇಕಾಗುವುದೇ ಇಲ್ಲ. ಹಾಗಾಗಿ ಸ್ಲೈಡಿನಲ್ಲಿ ಎರಡು ಚಿತ್ರ ಇರಲಿ: ಎಡಕ್ಕೆ ವಾರ್ಷಿಕ ಸವಕಳಿಯ ಕಂಬಗಳು, ಬಲಕ್ಕೆ ಪುಸ್ತಕ ಬೆಲೆಯ ಗೆರೆಗಳು. ಎರಡನ್ನೂ ಒಂದೇ ಚಿತ್ರದಲ್ಲಿ ತುರುಕಿದರೆ ದಾಟುವ ಜಾಗ ಯಾವುದರದ್ದು ಎಂಬುದು ಹಿಂದಿನ ಬೆಂಚಿಗೆ ತಿಳಿಯುವುದಿಲ್ಲ.

ಚಿತ್ರ ಬರೆಯುವಾಗ ಕೆಡುವುದು

ಪ್ರೊಜೆಕ್ಟರಿನಲ್ಲಿ ಹನ್ನೊಂದು ಸಾಲಿನ ಕೋಷ್ಟಕ ಓದಲಾಗದು ಎಂದು ಎಲ್ಲರೂ 1, 2, 4, 5, 10ನೇ ವರ್ಷಗಳನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಕೋಷ್ಟಕಕ್ಕೆ ಅದು ಸರಿ. ಆದರೆ ಅದೇ ಐದು ಸಾಲುಗಳಿಂದ ಎಕ್ಸೆಲ್‌ನಲ್ಲಿ ಲೈನ್ ಚಾರ್ಟ್ ಮಾಡಿದರೆ ನೇರ ರೇಖೆಯೇ ಮುರಿದ ಕೋಲಿನಂತೆ ಬಾಗುತ್ತದೆ. ಲೈನ್ ಚಾರ್ಟ್ ಅಡ್ಡ ಅಕ್ಷದ ಮೇಲಿನ ಹೆಸರುಗಳನ್ನು ಸಮ ಅಂತರದಲ್ಲಿ ಇಡುತ್ತದೆ. ನಾಲ್ಕರಿಂದ ಐದಕ್ಕೆ ಎಷ್ಟು ಜಾಗವೋ ಐದರಿಂದ ಹತ್ತಕ್ಕೂ ಅಷ್ಟೇ ಜಾಗ. ಮೊದಲ ನೆಗೆತದಲ್ಲಿ 16,000 ಇಳಿದ ಗೆರೆ ಎರಡನೆಯದರಲ್ಲಿ 80,000 ಧುಮುಕುತ್ತದೆ. ನೇರ ರೇಖೆ ಪದ್ಧತಿಯ ಚಿತ್ರದಲ್ಲಿ ಗೆರೆ ನೇರವಾಗಿಲ್ಲ ಎಂದರೆ ಮೊದಲು ಇದನ್ನೇ ನೋಡಿ. ಚಾರ್ಟಿಗೆ ಹನ್ನೊಂದೂ ಸಾಲು ಕೊಡಿ, ಇಲ್ಲವೇ ಸ್ಕ್ಯಾಟರ್ ಚಾರ್ಟ್ ಬಳಸಿ. ಅದು ವರ್ಷವನ್ನು ಸಂಖ್ಯೆಯಾಗಿ ಓದಿ ಅಂತರ ಸರಿಯಾಗಿ ಬಿಡುತ್ತದೆ.

ಸೊನ್ನೆಯ ವರ್ಷವನ್ನು ಬಿಡಬೇಡಿ. ಬಿಟ್ಟರೆ ಒಂದು ಗೆರೆ 1,84,000ದಿಂದ, ಇನ್ನೊಂದು 1,70,000ದಿಂದ ಶುರುವಾಗಿ, ಎರಡು ಬೇರೆ ಬೆಲೆಯ ಯಂತ್ರ ಕೊಂಡಂತೆ ಕಾಣುತ್ತದೆ. ನಿಂತ ಅಕ್ಷ ಸೊನ್ನೆಯಿಂದ 2,00,000ದವರೆಗೆ ಇರಲಿ. ಪ್ರೊಜೆಕ್ಟರಿನ ಬೆಳಕಿನಲ್ಲಿ ನೀಲಿ ಮತ್ತು ಹಸಿರು ಒಂದೇ ಆಗಿಬಿಡುವುದರಿಂದ ಒಂದು ಗೆರೆ ತುಂಬು, ಇನ್ನೊಂದು ತುಂಡು ಗೆರೆ ಮಾಡಿ.

ಅಂಕಿಗಳಲ್ಲಿ ಲಕ್ಷದ ಅಲ್ಪವಿರಾಮ ಬರಬೇಕಾದರೆ ಎಕ್ಸೆಲ್‌ನ ಕಸ್ಟಮ್ ಫಾರ್ಮ್ಯಾಟಿನಲ್ಲಿ ಇದನ್ನು ಹಾಕಿ:

```
[>=10000000]##\,##\,##\,##0;[>=100000]##\,##\,##0;##,##0
```

ಹಾಕದಿದ್ದರೆ ಕೆಲವು ಕಂಪ್ಯೂಟರುಗಳಲ್ಲಿ 200,000 ಎಂದು ಬರುತ್ತದೆ, ವಿದ್ಯಾರ್ಥಿಗಳು ಓದುವ ರೂಢಿ ಅದಲ್ಲ. ಕನ್ನಡ ಅಕ್ಷರಗಳನ್ನು ಯೂನಿಕೋಡಿನಲ್ಲೇ ಟೈಪ್ ಮಾಡಿ. ಹಳೆಯ ಫಾಂಟಿನಲ್ಲಿ ಮಾಡಿದ ಸ್ಲೈಡ್, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗುತ್ತದೆ.

ಎಕ್ಸೆಲ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ನೇರ ರೇಖೆಗೆ SLN, ಇಳಿಕೆ ಶಿಲ್ಕಿಗೆ DB ಎಂಬ ಸಿದ್ಧ ಫಂಕ್ಷನ್‌ಗಳಿವೆ. ಕೊನೆಯ ಅಂಕಿ ಎಷ್ಟನೇ ವರ್ಷ ಎಂಬುದು.

```
=SLN(200000,40000,10)
=DB(200000,40000,10,1)
```

ಮೊದಲನೆಯದು 16,000 ಕೊಡುತ್ತದೆ. ಎರಡನೆಯದು 30,000 ಕೊಡುವುದಿಲ್ಲ, 29,800 ಕೊಡುತ್ತದೆ. DB ದರವನ್ನು ತಾನೇ ಲೆಕ್ಕ ಹಾಕಿ ಮೂರು ದಶಮಾಂಶಕ್ಕೆ ದುಂಡಾಗಿಸುವುದರಿಂದ ಅದರ ದರ 0.149. ಹತ್ತು ವರ್ಷದ ಕೊನೆಗೆ ಅದರಲ್ಲಿ ಉಳಿಯುವುದು 39,841. ಸ್ಲೈಡಿನಲ್ಲಿ ಶೇ. 15 ಎಂದು ಬರೆದು ಅಂಕಿಗಳನ್ನು DB ಇಂದ ತಂದರೆ ಮೊದಲ ಸಾಲಿನಲ್ಲೇ ಸಿಕ್ಕಿಬೀಳುತ್ತೀರಿ. ಉಳಿಕೆ ಬೆಲೆಗೆ ಸೊನ್ನೆ ಹಾಕಿದರೆ ಇನ್ನೂ ದೊಡ್ಡ ಅಪಘಾತ: ಸೂತ್ರದ ಪ್ರಕಾರ ದರ ಶೇ. 100 ಆಗಿ ಇಡೀ 2,00,000 ಮೊದಲ ವರ್ಷದಲ್ಲೇ ಹೋಗುತ್ತದೆ. ಇಳಿಕೆ ಶಿಲ್ಕು ಎಂದೂ ಸೊನ್ನೆ ಮುಟ್ಟದ ಪದ್ಧತಿ, ಅದಕ್ಕೆ ಸೊನ್ನೆಯ ಗುರಿ ಕೊಡಬಾರದು.

ಪಾಠಕ್ಕೆ ಕೈಯಾರೆ ಕಟ್ಟಿದ ಕೋಷ್ಟಕವೇ ಮೇಲು, ಏಕೆಂದರೆ ಅದರಲ್ಲಿ ಶಿಲ್ಕು ಒಂದು ಸಾಲಿನಿಂದ ಇನ್ನೊಂದಕ್ಕೆ ಇಳಿಯುವುದು ಕಣ್ಣಿಗೆ ಕಾಣುತ್ತದೆ. F1ರಲ್ಲಿ ದರ ಇಡಿ, B ಆರಂಭದ ಶಿಲ್ಕು, C ಸವಕಳಿ, D ಕೊನೆಯ ಶಿಲ್ಕು:

```
C2: =B2*$F$1
D2: =B2-C2
B3: =D2
```

ಡಾಲರ್ ಗುರುತು ಮರೆತು ಕೆಳಗೆ ಎಳೆದರೆ ಎರಡನೇ ವರ್ಷದಿಂದ ಸವಕಳಿ ಸೊನ್ನೆ ಬರುತ್ತದೆ. F1 ಜಾರಿ ಖಾಲಿ ಇರುವ F2 ಆಗಿರುತ್ತದೆ.

ನಡುವೆ ಮಾರಿದರೆ

ಎರಡು ಪದ್ಧತಿಗಳ ನಿಜವಾದ ವ್ಯತ್ಯಾಸ ಮತ್ತು ನಿಜವಾದ ಸಮಾನತೆ ಎರಡೂ ಒಟ್ಟಿಗೆ ಕಾಣುವುದು ಯಂತ್ರವನ್ನು ಬಾಳಿಕೆ ಮುಗಿಯುವ ಮೊದಲೇ ಮಾರಿದಾಗ. ನನ್ನ ಮಟ್ಟಿಗೆ ಈ ಒಂದು ಲೆಕ್ಕ ಸ್ಲೈಡಿನಲ್ಲಿ ಇರಲೇಬೇಕು.

ವರ್ಕ್‌ಶಾಪಿನವರು ನಾಲ್ಕನೇ ವರ್ಷದ ಕೊನೆಗೆ ದೊಡ್ಡ ಲೇತ್ ತರಲು ಇದನ್ನು 1,15,000ಕ್ಕೆ ಮಾರಿದರು ಎನ್ನೋಣ. ನೇರ ರೇಖೆಯ ಪುಸ್ತಕದಲ್ಲಿ ಆಗ ಬೆಲೆ 1,36,000, ಆದ್ದರಿಂದ 21,000 ನಷ್ಟ. ಇಳಿಕೆ ಶಿಲ್ಕಿನ ಪುಸ್ತಕದಲ್ಲಿ ಬೆಲೆ 1,04,401, ಆದ್ದರಿಂದ 10,599 ಲಾಭ. ಅದೇ ಲೇತ್, ಅದೇ ಗಿರಾಕಿ, ಕೈಗೆ ಬಂದ ಹಣವೂ ಅದೇ. ಒಂದು ಪುಸ್ತಕ ನಷ್ಟ ಎನ್ನುತ್ತದೆ, ಇನ್ನೊಂದು ಲಾಭ ಎನ್ನುತ್ತದೆ.

ಈಗ ನಾಲ್ಕು ವರ್ಷವನ್ನೂ ಕೂಡಿ ನೋಡಿ. ನೇರ ರೇಖೆಯಲ್ಲಿ ಸವಕಳಿ 64,000, ಜೊತೆಗೆ ಮಾರಾಟದ ನಷ್ಟ 21,000, ಒಟ್ಟು 85,000. ಇಳಿಕೆ ಶಿಲ್ಕಿನಲ್ಲಿ ಸವಕಳಿ 95,599, ಅದರಲ್ಲಿ ಮಾರಾಟದ ಲಾಭ 10,599 ಕಳೆದರೆ ಒಟ್ಟು 85,000. 2,00,000 ಕೊಟ್ಟು ತಂದು 1,15,000ಕ್ಕೆ ಮಾರಿದ ಯಂತ್ರಕ್ಕೆ ತಗುಲಿದ್ದು 85,000, ಅದನ್ನು ಯಾವ ಪದ್ಧತಿಯೂ ಹೆಚ್ಚು ಕಡಿಮೆ ಮಾಡಲಾರದು. ಯಾವ ವರ್ಷದ ಲಾಭದಿಂದ ಎಷ್ಟು ಕಳೆಯಬೇಕು ಎಂಬುದನ್ನಷ್ಟೇ ಪದ್ಧತಿ ತೀರ್ಮಾನಿಸುತ್ತದೆ. ಮಾರುವಾಗ ಬಂದ ‘ಲಾಭ’ ಎಂದರೆ ಹಿಂದಿನ ವರ್ಷಗಳಲ್ಲಿ ಬೇಗ ಕಳೆದದ್ದರ ತಿದ್ದುಪಡಿ, ‘ನಷ್ಟ’ ಎಂದರೆ ತಡವಾಗಿ ಕಳೆದದ್ದರ ತಿದ್ದುಪಡಿ.

ಈ ಲಾಭ ನಷ್ಟ ವರ್ಕ್‌ಶಾಪಿನ ಪುಸ್ತಕದ್ದು. ಆದಾಯ ತೆರಿಗೆಯಲ್ಲಿ ಒಂದೊಂದು ಯಂತ್ರಕ್ಕೆ ಬೇರೆ ಲೆಕ್ಕವಿಲ್ಲ. ಒಂದೇ ದರದ ಯಂತ್ರಗಳೆಲ್ಲ ಒಂದು ಗುಂಪು. ಮಾರಿದ 1,15,000 ಆ ಗುಂಪಿನ ಶಿಲ್ಕಿನಿಂದ ಕಳೆದುಹೋಗುತ್ತದೆ. ಗುಂಪಿನಲ್ಲಿ ಬೇರೆ ಯಂತ್ರಗಳಿದ್ದು ಶಿಲ್ಕೂ ಉಳಿದಿದ್ದರೆ 10,599 ಎಂಬ ಅಂಕಿ ಅಲ್ಲಿ ಹುಟ್ಟುವುದೇ ಇಲ್ಲ.

ರಿಪೇರಿಯ ವಾದ

ಯಂತ್ರ ಹಳೆಯದಾದಂತೆ ರಿಪೇರಿ ಏರುತ್ತದೆ, ಇಳಿಕೆ ಶಿಲ್ಕಿನ ಸವಕಳಿ ಇಳಿಯುತ್ತದೆ, ಎರಡೂ ಸೇರಿ ಪ್ರತಿ ವರ್ಷದ ಹೊರೆ ಸಮವಾಗುತ್ತದೆ ಎಂದು ಪಾಠದಲ್ಲಿ ಬರುತ್ತದೆ. ಲೇತಿನಲ್ಲಿ ರಿಪೇರಿ ಏರುವುದು ನಿಜ. ಹೆಚ್ಚಿನ ಕೆಲಸ ಚಕ್ಕಿನ ಹತ್ತಿರವೇ ನಡೆಯುವುದರಿಂದ ಬೆಡ್ಡಿನ ಆ ಭಾಗ ಮೊದಲು ಸವೆಯುತ್ತದೆ. ಉದ್ದದ ಶಾಫ್ಟ್ ಟರ್ನ್ ಮಾಡಿ ಎರಡು ತುದಿಗೂ ಮೈಕ್ರೋಮೀಟರ್ ಹಿಡಿದರೆ ಅಳತೆ ಬೇರೆ ಬೇರೆ ಬರುತ್ತದೆ. ಕ್ರಾಸ್ ಸ್ಲೈಡಿನ ಸ್ಕ್ರೂ ನಟ್ಟು ಸಡಿಲವಾಗಿ ಹ್ಯಾಂಡಲ್ ತಿರುಗಿಸಿದರೂ ಸ್ವಲ್ಪ ಹೊತ್ತು ಟೂಲ್ ಅಲುಗುವುದಿಲ್ಲ. ಸವಕಳಿ ಎಂಬ ಪದಕ್ಕೆ ಇದಕ್ಕಿಂತ ನೇರವಾದ ಅರ್ಥ ಬೇರೆಲ್ಲೂ ಸಿಗದು.

ಆದರೆ ‘ಸಮವಾಗುತ್ತದೆ’ ಎಂಬುದನ್ನು ಅಂಕಿ ಹಾಕಿ ನೋಡಬೇಕು. ರಿಪೇರಿ ಮೊದಲ ವರ್ಷ 2,000, ನಾಲ್ಕನೇ ವರ್ಷ 8,000, ಎಂಟನೇ ವರ್ಷ 16,000 ಎಂದು ಇಟ್ಟುಕೊಳ್ಳಿ. ನೇರ ರೇಖೆಯಲ್ಲಿ ಒಟ್ಟು ಹೊರೆ 18,000, 24,000, 32,000 ಎಂದು ಏರುತ್ತದೆ. ಇಳಿಕೆ ಶಿಲ್ಕಿನಲ್ಲಿ 32,000, 26,424, 25,617. ಏರುವ ಮೆಟ್ಟಿಲು ಇಳಿಯುವ ಮೆಟ್ಟಿಲಾಯಿತು, ಮೊದಲಿನಷ್ಟು ಕಡಿದಾಗಿಲ್ಲ, ಆದರೆ ಸಮವಂತೂ ಅಲ್ಲ. ರಿಪೇರಿಯ ಅಂಕಿ ಬದಲಾದರೆ ಚಿತ್ರವೂ ಬದಲಾಗುತ್ತದೆ. ಸ್ಲೈಡಿನಲ್ಲಿ ‘ಹೊರೆ ಸಮತೋಲನಕ್ಕೆ ಹತ್ತಿರ ಬರಬಹುದು’ ಎಂದು ಬರೆದರೆ ಸಾಕು.

ವರ್ಷದ ನಡುವೆ ತಂದ ಲೇತ್

ಲೇತ್ 2025ರ ಅಕ್ಟೋಬರ್ 1ರಂದು ಕೆಲಸಕ್ಕೆ ಬಂದಿದ್ದರೆ ಪುಸ್ತಕದಲ್ಲಿ ಆರು ತಿಂಗಳ ಸವಕಳಿ ಮಾತ್ರ: ನೇರ ರೇಖೆಯಲ್ಲಿ 8,000, ಇಳಿಕೆ ಶಿಲ್ಕಿನಲ್ಲಿ 15,000. ಮುಂದಿನ ವರ್ಷ ನೇರ ರೇಖೆ 16,000ಕ್ಕೆ ಮರಳುತ್ತದೆ, ಇಳಿಕೆ ಶಿಲ್ಕಿನದ್ದು 1,85,000ದ ಮೇಲೆ ಲೆಕ್ಕವಾಗಿ 27,750. ಇಲ್ಲಿ 25,500 ಎಂದು ಬರೆದವರು ಮೊದಲ ವರ್ಷ ಅರ್ಧವೇ ಕಳೆದದ್ದನ್ನು ಮರೆತಿದ್ದಾರೆ.

ತೆರಿಗೆಯಲ್ಲಿ ನಿಯಮ ಬೇರೆ. ಆ ವರ್ಷ ಯಂತ್ರ 180 ದಿನಕ್ಕಿಂತ ಕಡಿಮೆ ಬಳಕೆಯಲ್ಲಿದ್ದರೆ ಅರ್ಧ ದರ, ಇಲ್ಲದಿದ್ದರೆ ಪೂರ್ತಿ. ಅಕ್ಟೋಬರ್ 1ರಿಂದ ಮಾರ್ಚ್ 31ಕ್ಕೆ 182 ದಿನ, ಹಾಗಾಗಿ ತೆರಿಗೆಯಲ್ಲಿ ಪೂರ್ತಿ 30,000. ಫೆಬ್ರವರಿಗೆ 28 ದಿನ ಇರುವ ವರ್ಷದಲ್ಲಿ ಅಕ್ಟೋಬರ್ 3 ಕೊನೆಯ ದಿನ, 4ರಂದು ಶುರುವಾದರೆ 15,000ಕ್ಕೆ ಇಳಿಯುತ್ತದೆ. ಬಿಲ್ಲಿನ ತಾರೀಖು ಸೆಪ್ಟೆಂಬರ್ ಇದ್ದರೂ ತ್ರೀ ಫೇಸ್ ಸಂಪರ್ಕ ಸಿಕ್ಕಿ ಲೇತ್ ಓಡಿದ್ದು ಅಕ್ಟೋಬರ್ ಎರಡನೇ ವಾರವಾದರೆ ಅರ್ಧವೇ. ಮೊದಲ ಜಾಬ್ ಕಾರ್ಡ್ ಜೋಪಾನವಾಗಿರಲಿ.

ಯಾರಿಗೆ ಯಾವುದು

ಒಬ್ಬರೇ ಮಾಲೀಕರಿರುವ ವರ್ಕ್‌ಶಾಪಿಗೆ ನಮ್ಮ ಸಲಹೆ ಇಳಿಕೆ ಶಿಲ್ಕು. ಲೇತ್ ಹಾಗೆಯೇ ಸವೆಯುತ್ತದೆ ಎಂದಲ್ಲ. ತೆರಿಗೆಗೆ ಹೇಗೂ ಇಳಿಕೆ ಶಿಲ್ಕಿನ ಲೆಕ್ಕವೇ ಬೇಕು, ಪುಸ್ತಕದಲ್ಲೂ ಅದೇ ಇದ್ದರೆ ವರ್ಷದ ಕೊನೆಗೆ ಎರಡು ಲಾಭಗಳ ನಡುವಿನ ವ್ಯತ್ಯಾಸವನ್ನು ಹುಡುಕುತ್ತ ಕೂರುವ ಕೆಲಸ ಕಡಿಮೆಯಾಗುತ್ತದೆ. ಇದರ ಬೆಲೆಯೂ ಗೊತ್ತಿರಲಿ: ಸವಕಳಿಗೆ ಮೊದಲಿನ ಲಾಭ 1,20,000 ಇದ್ದರೆ ಮೊದಲ ವರ್ಷ ಪುಸ್ತಕದಲ್ಲಿ ಕಾಣುವ ಲಾಭ 1,04,000ದ ಬದಲು 90,000. ಅದೇ ವರ್ಷ ಬ್ಯಾಂಕಿಗೆ ಇನ್ನೊಂದು ಸಾಲಕ್ಕೆ ಹೋಗುವವರಿಗೆ 14,000ದ ಈ ಕೊರತೆ ಎದ್ದು ಕಾಣುತ್ತದೆ. ಸವಕಳಿಯಲ್ಲಿ ನಗದು ಹೊರಗೆ ಹೋಗುವುದಿಲ್ಲ, ಸಾಲ ತೀರಿಸುವ ಶಕ್ತಿ ಅಳೆಯುವಾಗ ಬ್ಯಾಂಕು ಅದನ್ನು ಲಾಭಕ್ಕೆ ಮತ್ತೆ ಕೂಡಿಕೊಳ್ಳುತ್ತದೆ. ಆದ್ದರಿಂದ ಲಾಭದ ಸಾಲಿನ ಪಕ್ಕದಲ್ಲೇ ಸವಕಳಿಯ ಮೊತ್ತ ತೋರಿಸುವುದು ಒಳ್ಳೆಯದು.

ದಿನವೂ ಒಂದೇ ಬಗೆಯ ಕೆಲಸ, ವರ್ಷವಿಡೀ ಒಂದೇ ಪ್ರಮಾಣದ ಆರ್ಡರ್ ಇರುವ ಕಡೆ ಸಾಮಾನ್ಯ ಲೇತಿಗೆ ನಿಜವಾಗಿ ಹೊಂದುವುದು ನೇರ ರೇಖೆ. ಪ್ರತಿ ಶಾಫ್ಟಿನ ದರ ಕಟ್ಟುವಾಗಲೂ ಅದು ಅನುಕೂಲ, ಏಕೆಂದರೆ ವರ್ಷಕ್ಕೆ 2,000 ಗಂಟೆ ಓಡಿದರೆ ಗಂಟೆಗೆ ಎಂಟು ರೂಪಾಯಿ ಎಂದು ಹತ್ತು ವರ್ಷವೂ ಇಡಬಹುದು. ಕಂಟ್ರೋಲರ್ ಹಳತಾಗಿ ಬೇಗ ಬೆಲೆ ಕಳೆದುಕೊಳ್ಳುವ ಸಿಎನ್‌ಸಿ ಯಂತ್ರಕ್ಕೆ ಇಳಿಕೆ ಶಿಲ್ಕು ಹೆಚ್ಚು ಪ್ರಾಮಾಣಿಕ.

ಪ್ರೈವೇಟ್ ಲಿಮಿಟೆಡ್ ಆಗಿದ್ದರೆ 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿ ಬರುತ್ತದೆ. ಅದು ದರ ಹೇಳುವುದಿಲ್ಲ, ಬಾಳಿಕೆ ಹೇಳುತ್ತದೆ: ಸಾಮಾನ್ಯ ಯಂತ್ರಕ್ಕೆ 15 ವರ್ಷ, ಉಳಿಕೆ ಬೆಲೆ ಸಾಮಾನ್ಯವಾಗಿ ಮೂಲ ಬೆಲೆಯ ಶೇ. 5 ಮೀರಬಾರದು. ಬೇರೆ ಬಾಳಿಕೆ ಹಿಡಿದರೆ ತಾಂತ್ರಿಕ ಕಾರಣ ಕೊಡಬೇಕು. ನಮ್ಮ ಲೇತಿಗೆ ಅದರಂತೆ ನೇರ ರೇಖೆಯಲ್ಲಿ ವರ್ಷಕ್ಕೆ 12,667, ಇಳಿಕೆ ಶಿಲ್ಕಿನಲ್ಲಿ ದರ ಶೇ. 18.10. ತೆರಿಗೆಯ ಶೇ. 15ನ್ನೇ ಕಂಪನಿಯ ಪುಸ್ತಕಕ್ಕೆ ತಂದು ಹಾಕಿದರೆ ಆಡಿಟರ್ ತಿದ್ದಿಸುತ್ತಾರೆ. ಸ್ಲೈಡಿನ ಹತ್ತು ವರ್ಷ ಮತ್ತು 40,000 ಪಾಠಕ್ಕಾಗಿ ಹಿಡಿದ ಅಂದಾಜು ಎಂದು ವಿದ್ಯಾರ್ಥಿಗಳಿಗೆ ಹೇಳಿಬಿಡಿ.

ನಡುವೆ ಪದ್ಧತಿ ಬದಲಿಸಿದರೆ

ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವವರು ಇಲ್ಲಿ ಎಚ್ಚರ ವಹಿಸಬೇಕು. ಹಿಂದೆ ಇದ್ದ ಲೆಕ್ಕ ಮಾನದಂಡ 6ರ ಪ್ರಕಾರ ಪದ್ಧತಿ ಬದಲಿಸಿದರೆ ಯಂತ್ರ ಕೊಂಡ ದಿನದಿಂದ ಹೊಸ ಪದ್ಧತಿಯಲ್ಲಿ ಮತ್ತೆ ಲೆಕ್ಕ ಹಾಕಿ, ವ್ಯತ್ಯಾಸವನ್ನು ಬದಲಿಸಿದ ವರ್ಷದ ಲಾಭ ನಷ್ಟ ಖಾತೆಗೆ ತರಬೇಕಿತ್ತು. ನಮ್ಮ ಲೇತಿಗೆ ನಾಲ್ಕನೇ ವರ್ಷದ ಕೊನೆಗೆ ಇಳಿಕೆ ಶಿಲ್ಕಿನಿಂದ ನೇರ ರೇಖೆಗೆ ಹೋದರೆ, ಮೇಲೆ ಕಂಡ 31,599 ಅಷ್ಟೂ ಒಂದೇ ಸಲ ಲಾಭಕ್ಕೆ ಬರುತ್ತಿತ್ತು. 2016ರಲ್ಲಿ ಪರಿಷ್ಕೃತವಾದ ಮಾನದಂಡ 10 ಬಂದ ಮೇಲೆ ಪದ್ಧತಿಯ ಬದಲಾವಣೆ ಎಂದರೆ ಅಂದಾಜಿನ ಬದಲಾವಣೆ, ಹಿಂದಕ್ಕೆ ಹೋಗುವಂತಿಲ್ಲ. ಇರುವ ಪುಸ್ತಕ ಬೆಲೆ 1,04,401, ಅದರಲ್ಲಿ 40,000 ಕಳೆದು ಉಳಿದ 64,401ನ್ನು ಉಳಿದ ಆರು ವರ್ಷಕ್ಕೆ ಹಂಚಬೇಕು. ಐದನೇ ವರ್ಷದಿಂದ ವರ್ಷಕ್ಕೆ ಸುಮಾರು 10,734. ಸ್ಲೈಡಿನ ಬಲಗಡೆಯ ಚಿತ್ರದಲ್ಲಿ ಇದನ್ನು ಮೂರನೇ ಗೆರೆಯಾಗಿ ಹಾಕಿದರೆ, ನಾಲ್ಕನೇ ವರ್ಷದವರೆಗೆ ಬಾಗುತ್ತ ಬಂದ ಗೆರೆ ಅಲ್ಲಿಂದ 40,000ದವರೆಗೆ ನೆಟ್ಟಗೆ ಇಳಿಯುತ್ತದೆ.